ಆ ಚುಕ್ಕಿ ಕಾಣಲಿಲ್ಲ

ಪ್ರಶ್ನೆ: ರೈತರಿಗಾಗಿ ಚಿಕ್ಕ ವಿಡಿಯೋ ಮಾಡುತ್ತೇನೆ. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುವ ಅಕ್ಷರ ಮೊಬೈಲ್‌ನಲ್ಲಿ ಓದೋಕಾಗಲ್ಲ ಅಂತಾರೆ. ಯಾವ ಕನ್ನಡ ಫಾಂಟ್ ಒಳ್ಳೇದು, ಎಷ್ಟು ಸೈಜ್ ಇಡಬೇಕು?

ಫಾಂಟ್ ಬಿಡಿ. ನಾನೂ ಒಂದು ವರ್ಷ ಫಾಂಟ್ ಹುಡುಕಿಕೊಂಡೇ ಕೂತಿದ್ದೆ. ಆಮೇಲೆ ಒಂದು ಚುಕ್ಕಿಯಿಂದ ಬುದ್ಧಿ ಬಂತು.

ನಮ್ಮದು ಕೋಲಾರದ ಹತ್ತಿರದ ಹಳ್ಳಿ. ಟೊಮೆಟೊ ಬೆಳೆಯೋದರ ಬಗ್ಗೆ ನಿಮಿಷದ ವಿಡಿಯೋ ಮಾಡುತ್ತಿದ್ದೆ. ಒಂದರಲ್ಲಿ ಹುಳಕ್ಕೆ ಹೊಡೆಯುವ ಔಷಧಿಯ ಪ್ರಮಾಣ ಹೇಳಬೇಕಿತ್ತು. ಬಾಟಲಿ ಮೇಲೆ ಇದ್ದದ್ದು ಲೀಟರ್ ನೀರಿಗೆ 0.5 ಮಿ.ಲೀ. ನಾನು ಜಾಣತನ ಮಾಡಿ, ಬಾಯಲ್ಲಿ 'ಪ್ರಮಾಣ ಸ್ಕ್ರೀನ್ ಮೇಲಿದೆ ನೋಡಿ' ಅಂದು, ಅಂಕಿಯನ್ನು ಕೆಂಪು ಅಕ್ಷರದಲ್ಲಿ ಹಾಕಿದೆ. ಅಪಾಯದ ವಿಷಯ, ಕೆಂಪೇ ಸರಿ ಅಂತ. ಹಿಂದೆ ಟೊಮೆಟೊ ತೋಟದ ಹಸಿರು.

ನಾಲ್ಕು ದಿನಕ್ಕೆ ಪಕ್ಕದ ಊರಿನ ಒಬ್ಬರು ಫೋನ್ ಮಾಡಿದರು. "ಏನಪ್ಪಾ, ಲೀಟರಿಗೆ ಐದು ಎಮ್ಮೆಲ್ ಅಂತ ನೀನೇ ಹಾಕಿದ್ದೀಯಲ್ಲ, ಎಲೆ ಅಂಚೆಲ್ಲಾ ಸುಟ್ಟುಹೋಗಿದೆ." 16 ಲೀಟರ್ ಟ್ಯಾಂಕಿಗೆ 8 ಮಿ.ಲೀ. ಹಾಕಬೇಕಾದಲ್ಲಿ 80 ಹಾಕಿದ್ದರು. 'ನಾನು ಅರ್ಧ ಅಂತ ಹಾಕಿದ್ದೆ ಅಣ್ಣ' ಅಂತ ಜೋರಾಗಿಯೇ ಅಂದೆ. ಅವರ ಮನೆಗೆ ಹೋಗಿ ಅವರ ಫೋನಲ್ಲೇ ನೋಡಿದ ಮೇಲೆ ಬಾಯಿ ಕಟ್ಟಿತು. ಸೊನ್ನೆ ಕೆಂಪು ಮಸಿಯ ಹಾಗೆ ಹಸಿರಿನಲ್ಲಿ ಕಲೆಸಿಹೋಗಿತ್ತು. ಚುಕ್ಕಿ ಇರಲೇ ಇಲ್ಲ. 5 ಒಂದೇ ಹೇಗೋ ಕಾಣುತ್ತಿತ್ತು.

ಚುಕ್ಕಿ ಎಲ್ಲಿ ಹೋಯಿತು ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡುವ ತಪ್ಪು ಇದೇ. ನನ್ನ ವಿಡಿಯೋ 1080 ಪಿಕ್ಸೆಲ್ ಅಗಲ, ಚುಕ್ಕಿ ಸುಮಾರು 6 ಪಿಕ್ಸೆಲ್. ಅವರ ಊರಿನ ನೆಟ್‌ವರ್ಕಿಗೆ ವಿಡಿಯೋ 360 ಪಿಕ್ಸೆಲ್ ಅಗಲಕ್ಕೆ ಇಳಿದು ಬರುತ್ತಿತ್ತು. ಅಲ್ಲಿಗೆ ಚುಕ್ಕಿ 2 ಪಿಕ್ಸೆಲ್. ಅದಾದರೂ ಉಳಿಯಬೇಕಿತ್ತು, ಅಲ್ವಾ? ಉಳಿಯಲಿಲ್ಲ. ಫೋನಿಗೆ ಬರುವ ವಿಡಿಯೋದಲ್ಲಿ ಸಾಮಾನ್ಯವಾಗಿ ಬೆಳಕು-ಕತ್ತಲೆ ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ ದಾಖಲಾಗುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ. ಜಾಗ ಉಳಿಸೋಕೆ ಹಾಗೆ ಮಾಡುತ್ತಾರೆ. ನಮ್ಮ ಕಣ್ಣು ಬಣ್ಣದ ಅಂಚಿಗಿಂತ ಬೆಳಕಿನ ಅಂಚನ್ನು ಚುರುಕಾಗಿ ಹಿಡಿಯೋದರಿಂದ ಚಿತ್ರದಲ್ಲಿ ಅದು ಗೊತ್ತಾಗೋದಿಲ್ಲ. ಅಕ್ಷರಕ್ಕೆ ಮಾತ್ರ ಗ್ರಹಚಾರ. ನನ್ನ ಕೆಂಪಿಗೂ ಎಲೆಯ ಹಸಿರಿಗೂ ಬಣ್ಣದಲ್ಲಿ ಅಜಗಜಾಂತರ, ಬೆಳಕಿನಲ್ಲಿ ವ್ಯತ್ಯಾಸ ತೀರಾ ಕಮ್ಮಿ. ಅಂದರೆ ನನ್ನ ಚುಕ್ಕಿ ಹೆಚ್ಚುಕಮ್ಮಿ ಪೂರ್ತಿ ಬಣ್ಣದ ಮೇಲೇ ನಿಂತಿತ್ತು, ಅದಕ್ಕೆ ಸಿಕ್ಕಿದ್ದು ಒಂದೇ ಒಂದು ಬಣ್ಣದ ಬಿಂದು. ಸುತ್ತಲಿನ ಹಸಿರು ಅದನ್ನು ನುಂಗಿತು.

ಲೆಕ್ಕ ಬೇಕಾದರೆ ನೋಡಿ. ಅಪ್ಪಟ ಕೆಂಪು `#FF0000`, ಎಲೆ ಹಸಿರು `#2E7D32` ಅಂತ ಇಟ್ಟುಕೊಂಡರೆ ಎರಡರ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅನುಪಾತ, ಸುಮಾರು 1.3ಕ್ಕೆ 1. ವೆಬ್ ಪುಟಗಳ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಲಿ ಅನ್ನುತ್ತದೆ. ಅದೇ ಹಸಿರಿನ ಮೇಲೆ ಬಿಳಿ ಹಾಕಿದ್ದರೆ 5 ದಾಟುತ್ತಿತ್ತು. ಕಪ್ಪು ಪಟ್ಟಿಯ ಮೇಲೆ ಹಳದಿ ಹಾಕಿದರೆ 19ಕ್ಕೂ ಮೇಲೆ.

ಈ ಲೆಕ್ಕ ಮಾಡೋಕೆ ಬೇಜಾರಾದರೆ ಇನ್ನೊಂದು ದಾರಿ ಇದೆ. ಎಡಿಟ್ ಮಾಡುವ ಆ್ಯಪ್‌ನಲ್ಲಿ ಸ್ಯಾಚುರೇಷನ್ ಸೊನ್ನೆಗೆ ಇಳಿಸಿ, ವಿಡಿಯೋ ಕಪ್ಪು-ಬಿಳುಪಾಗಲಿ. ಅಕ್ಷರ ಆಗಲೂ ಎದ್ದು ಕಂಡರೆ ಸರಿ. ನನ್ನದನ್ನು ಹಾಗೆ ಇಳಿಸಿ ನೋಡಿದಾಗ ಅಂಕಿ ಎಲ್ಲಿದೆ ಅಂತ ನನಗೇ ಹುಡುಕಬೇಕಾಯಿತು. ನೋಡಿದ ಮೇಲೆ ಸ್ಯಾಚುರೇಷನ್ ವಾಪಸ್ ಮೇಲೆತ್ತೋದು ಮರೀಬೇಡಿ. ನಾನು ಒಮ್ಮೆ ಮರೆತು ಕಪ್ಪು-ಬಿಳುಪು ಟೊಮೆಟೊ ಹಾಕಿಬಿಟ್ಟಿದ್ದೆ.

ಈಗ ನನ್ನ ಅಕ್ಷರದ ಹಿಂದೆ ಯಾವಾಗಲೂ ಕಪ್ಪು ಪಟ್ಟಿ ಇರುತ್ತದೆ. 'ಚೆನ್ನಾಗಿ ಕಾಣಲ್ಲ' ಅಂತ ಹೇಳುವವರು ನೆರಳಲ್ಲಿ ಕೂತು ನೋಡುವವರು. ತೋಟದಲ್ಲಿ ನಿಂತವನ ಫೋನಿನ ಗಾಜಿನ ಮೇಲೆ ಬಿಸಿಲು ಬಿದ್ದಾಗ ಕಪ್ಪೂ ಬೂದಿ ಬಣ್ಣವಾಗುತ್ತದೆ, ರೂಮಿನಲ್ಲಿ ಇದ್ದ ಕಾಂಟ್ರಾಸ್ಟ್ ಅಲ್ಲಿ ಕರಗಿಹೋಗುತ್ತದೆ. ಆದ್ದರಿಂದ 4.5 ದಾಟಿದರೆ ಸಾಕು ಅಂತ ನಿಲ್ಲಿಸಬೇಡಿ. ಪಟ್ಟಿ ಬೇಡ, ಅಕ್ಷರದ ಸುತ್ತ ಕಪ್ಪು ಗೆರೆ ಸಾಕು ಅನ್ನುವವರೂ ಇದ್ದಾರೆ. ಇಂಗ್ಲಿಷಿಗೆ ಸರಿ ಹೋಗಬಹುದು. ಕನ್ನಡದಲ್ಲಿ ದಪ್ಪ ಗೆರೆ ಹಾಕಿದರೆ ಅಕ್ಷರದೊಳಗಿನ ಸಂದು ಮುಚ್ಚಿ ದ ಯಾವುದು, ಧ ಯಾವುದು ತಿಳಿಯೋದಿಲ್ಲ. ಪಟ್ಟಿಯನ್ನೂ ಕೆಳಗಡೆ ಸ್ವಲ್ಪ ಸಡಿಲ ಬಿಡಿ. ಇಲ್ಲದಿದ್ದರೆ 'ಹತ್ತು', 'ಎಲ್ಲ' ಅನ್ನುವಾಗ ಒತ್ತಕ್ಷರ ಪಟ್ಟಿಯಿಂದ ಆಚೆ ಇಣುಕುತ್ತದೆ.

ಸೈಜ್ ಕೇಳಿದ್ದೀರಿ. 1080 ಅಗಲದ ವಿಡಿಯೋ ಆರೂವರೆ ಸೆಂಟಿಮೀಟರ್ ಅಗಲದ ಫೋನಲ್ಲಿ ಕಂಡರೆ ಒಂದು ಮಿಲಿಮೀಟರಿಗೆ ಹದಿನಾರು ಹದಿನೇಳು ಪಿಕ್ಸೆಲ್ ಬರುತ್ತದೆ. 48 ಪಿಕ್ಸೆಲ್ ಎತ್ತರದ ಅಕ್ಷರ ಮೂರು ಮಿಲಿಮೀಟರೂ ಇರೋದಿಲ್ಲ. ನಾನು ಈಗ ಅಂಕಿಗೆ 90 ಇಡುತ್ತೇನೆ. ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು, ಅದಕ್ಕೇ ವಾಕ್ಯ ಬರೆಯುವುದನ್ನೇ ಬಿಟ್ಟೆ. ವಾಕ್ಯ ಬಾಯಲ್ಲಿ ಹೇಳಿ, ತೆರೆಯ ಮೇಲೆ ಅಂಕಿ ಮಾತ್ರ ಹಾಕಿ. ಚುಕ್ಕಿಯ ಅಂಕಿಯಂತೂ ಬೇಡವೇ ಬೇಡ. 'ಲೀಟರಿಗೆ 0.5' ಹೋಗಿ ನಮ್ಮಲ್ಲಿ '16 ಲೀಟರ್ ಟ್ಯಾಂಕಿಗೆ 8 ಮಿ.ಲೀ.' ಆಯಿತು. ಇದನ್ನು ಬಾಯಲ್ಲೂ ಹೇಳುತ್ತೇನೆ.

ಜಾಗದ ವಿಷಯ ಹೆಚ್ಚಿಲ್ಲ. ನಿಲುವು ವಿಡಿಯೋದಲ್ಲಿ ತಳದ ಐದನೇ ಒಂದು ಭಾಗವನ್ನೂ ಬಲ ಅಂಚನ್ನೂ ಖಾಲಿ ಬಿಡಿ, ಅಲ್ಲಿ ಆ್ಯಪ್ ತೋರಿಸುವ ಚಾನೆಲ್ ಹೆಸರು, ಲೈಕ್ ಗುಂಡಿ ಬಂದು ಕೂರುತ್ತವೆ. ನಾನು ನಡುಮಧ್ಯಕ್ಕಿಂತ ಸ್ವಲ್ಪ ಕೆಳಗೆ ಇಡುತ್ತೇನೆ.

ಸಮಯಕ್ಕೆ ಮಾತ್ರ ತಾಳ್ಮೆ ಬೇಕು. ನಾವೇ ಬರೆದಿದ್ದನ್ನು ನಾವು ಓದೋದಿಲ್ಲ, ನೆನಪಿನಿಂದ ಹೇಳಿಕೊಳ್ಳುತ್ತೇವೆ. ಅದಕ್ಕೇ ಎರಡು ಸೆಕೆಂಡ್ ಸಾಕು ಅನ್ನಿಸುತ್ತದೆ. ಗಟ್ಟಿಯಾಗಿ, ನಿಧಾನಕ್ಕೆ ಎರಡು ಸಲ ಓದಿ, ಅಷ್ಟು ಹೊತ್ತು ಅಕ್ಷರ ನಿಲ್ಲಲಿ. ಅಷ್ಟು ಹೊತ್ತೂ ಹಿಂದಿನ ಚಿತ್ರ ಅಲ್ಲಾಡಬಾರದು. ನಾನು ಆ ವಿಡಿಯೋದಲ್ಲಿ ಅಂಕಿ ಬಂದಾಗಲೇ ಬಾಟಲಿ ಎತ್ತಿ ತೋರಿಸಿದ್ದೆ. ನೋಡುವವರ ಕಣ್ಣು ಬಾಟಲಿಯ ಹಿಂದೆ ಹೋಗದೆ ಇನ್ನೆಲ್ಲಿ ಹೋದೀತು?

ಅವರ ಗಿಡಕ್ಕೆ ಹೊಸ ಚಿಗುರು ಬಂತು, ಆದರೆ ಮೊದಲ ಎರಡು ಕೊಯ್ಲು ಕಮ್ಮಿಯಾಯಿತು. ಈಗ ಪ್ರತಿ ವಿಡಿಯೋ ಮೊದಲು ಅವರ ವಾಟ್ಸಾಪ್‌ಗೆ ಹೋಗುತ್ತದೆ. ಅಲ್ಲಿ ಇನ್ನಷ್ಟು ಕುಗ್ಗುತ್ತದೆ, ಅದೂ ಒಳ್ಳೇದೇ. ಗಾಜು ಬಿರುಕು ಬಿಟ್ಟ ಫೋನನ್ನು ತೋಟದಲ್ಲಿ ನಿಂತು ಒಂದೇ ಸಲ ನೋಡಿ, ಅಂಕಿ ಹೇಳಬೇಕು ಅಂತ ಒಪ್ಪಂದ. ಹೋದ ವಾರದ್ದಕ್ಕೆ ಅವರ ಉತ್ತರ ಇಷ್ಟೇ: "ಎಂಟು. ಇನ್ನೊಂಚೂರು ನಿಲ್ಸು." ಎರಡು ಸೆಕೆಂಡ್ ಸೇರಿಸಿ ಹಾಕಿದೆ.