ನೆರೆಗೆ ಮುನ್ನವೇ ದಾಸ್ತಾನು: ಎಷ್ಟು, ಎಲ್ಲಿ, ಎಲ್ಲಿಯವರೆಗೆ

ಪ್ರಶ್ನೆ: ನದಿ ದಂಡೆಯ ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಈ ಸಲ ನೆರೆ ಬರುವುದಕ್ಕೆ ಮೊದಲೇ ಪರಿಹಾರ ಸಾಮಗ್ರಿ ತಂದಿಡಬೇಕೆಂದಿದ್ದೇವೆ. ಎಷ್ಟು ತರಬೇಕು, ಎಲ್ಲಿಡಬೇಕು? ಹಿಂದೊಮ್ಮೆ ತಂದಿಟ್ಟಾಗ ಬಿಸ್ಕತ್ತು, ಔಷಧಿಗಳೆಲ್ಲ ಅವಧಿ ಮೀರಿ ಎಸೆಯಬೇಕಾಯಿತು.

ಉತ್ತರ:

ಇಂಥದೇ ಒಂದು ಉಗ್ರಾಣವನ್ನು ಹಲವು ವರ್ಷ ನೋಡಿಕೊಂಡಿದ್ದೇನೆ. ಬಿಸ್ಕತ್ತಿನ ಪೆಟ್ಟಿಗೆಗಳನ್ನು ಗುಂಡಿ ತೋಡಿ ಹೂಳಿದವರಲ್ಲಿ ನಾನೂ ಒಬ್ಬ. ಆ ನೋವು ಇನ್ನೂ ಮರೆತಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಜಾಗದ ಮಾತು. ನಾವು ಮಾಡಿದ ಮೊದಲ ತಪ್ಪು ಅಲ್ಲೇ ಆಗಿತ್ತು. ಪಟ್ಟಣದಲ್ಲಿ, ಎತ್ತರದ ಜಾಗದಲ್ಲಿ, ಒಳ್ಳೆಯ ಗಟ್ಟಿ ಕಟ್ಟಡ ಸಿಕ್ಕಿತ್ತು. ಸಾಮಾನೆಲ್ಲ ಅಲ್ಲಿತ್ತು. ನೆರೆ ಬಂದಾಗ ಉಗ್ರಾಣಕ್ಕೆ ಒಂದು ಹನಿ ನೀರೂ ನುಗ್ಗಲಿಲ್ಲ. ಆದರೆ ಸೇತುವೆ ಮುಳುಗಿತು, ಟಾರ್ಪಾಲು ಬೇಕಾದವರೆಲ್ಲ ಆಚೆ ದಡದಲ್ಲಿದ್ದರು. ನಾಲ್ಕನೆಯ ದಿನ ನಮ್ಮ ಲಾರಿ ಅಲ್ಲಿಗೆ ತಲುಪುವ ಹೊತ್ತಿಗೆ ಮಕ್ಕಳು ಮೂರು ರಾತ್ರಿ ನೆನೆದಿದ್ದರು.

ಆದ್ದರಿಂದ ನಕ್ಷೆ ಹಿಡಿದು ಕುಳಿತಾಗ ಎತ್ತರದ ಜಾಗ ಹುಡುಕುವುದಕ್ಕಿಂತ ಮೊದಲು ರಸ್ತೆಗಳು ಎಲ್ಲೆಲ್ಲಿ ಕಡಿಯುತ್ತವೆ ಎಂದು ಗುರುತು ಹಾಕಿಕೊಳ್ಳಿ. ತಗ್ಗಿನ ಸೇತುವೆ, ಹಳ್ಳ ದಾಟುವ ಕಡೆ, ಗುಡ್ಡ ಕುಸಿಯುವ ತಿರುವು, ಇವೆಲ್ಲ ಬಸ್ ಚಾಲಕರಿಗೂ ಹಾಲಿನ ವಾಹನದವರಿಗೂ ಬಾಯಿಪಾಠವಾಗಿರುತ್ತವೆ. ಆ ಗುರುತುಗಳು ಊರುಗಳನ್ನು ತುಂಡುತುಂಡಾಗಿ ಬೇರ್ಪಡಿಸುತ್ತವೆ. ಒಂದೊಂದು ತುಂಡೂ ನೆರೆ ಬಂದಾಗ ಒಂದು ದ್ವೀಪ. ದ್ವೀಪಕ್ಕೊಂದು ಸಣ್ಣ ದಾಸ್ತಾನು, ರಸ್ತೆ ಕಡಿಯದ ಪಟ್ಟಣದಲ್ಲಿ ದೊಡ್ಡ ಉಗ್ರಾಣ, ಇದು ನಾನು ನಂಬುವ ಏರ್ಪಾಡು. ಎಲ್ಲವನ್ನೂ ಹಂಚಿ ಮುಂದಕ್ಕೆ ಸಾಗಿಸಿಬಿಡಬೇಡಿ. ನೆರೆ ಈ ದಡದಲ್ಲಿ ಬಂದರೆ ಆ ದಡದಲ್ಲಿಟ್ಟದ್ದು ಈಚೆ ಬರುವುದಿಲ್ಲ. ಪಟ್ಟಣದಲ್ಲಿ ಉಳಿದದ್ದು ಮಾತ್ರ ಯಾವ ಕಡೆಗಾದರೂ ಹೋಗಬಲ್ಲದು. ಮುಂದೆ ಇಟ್ಟ ಸಣ್ಣ ದಾಸ್ತಾನು ತನ್ನಷ್ಟಕ್ಕೆ ಪೂರ್ಣವಾಗಿರಲಿ. ಟಾರ್ಪಾಲು ಒಂದು ಕಡೆ, ಅದನ್ನು ಕಟ್ಟುವ ಹಗ್ಗ ಇನ್ನೊಂದು ಕಡೆ ಇದ್ದರೆ ಎರಡೂ ಇಲ್ಲದಂತೆಯೇ.

ಇನ್ನು ಪ್ರಮಾಣ. ಪ್ರತಿ ದ್ವೀಪಕ್ಕೂ ಎರಡು ಸಂಖ್ಯೆ ಬೇಕು: ಎಷ್ಟು ಕುಟುಂಬಗಳು ಮನೆ ಬಿಡುತ್ತವೆ, ರಸ್ತೆ ಎಷ್ಟು ದಿನ ಮುಚ್ಚಿರುತ್ತದೆ. ನಿಮ್ಮ ದಾಸ್ತಾನು ತುಂಬಬೇಕಾದದ್ದು ಆ ಮುಚ್ಚಿದ ದಿನಗಳನ್ನು, ಇಡೀ ಮಳೆಗಾಲವನ್ನಲ್ಲ. ಹತ್ತು ವರ್ಷದ ಲೆಕ್ಕವನ್ನು ಹಳ್ಳಿಯವರ ನೆನಪಿನಿಂದಲೂ ಶಾಲೆ, ಪಂಚಾಯಿತಿಗಳ ದಾಖಲೆಯಿಂದಲೂ ಕೂಡಿಸಿ. ಒಂದು ದ್ವೀಪದ ಲೆಕ್ಕ ಹೀಗಿದೆ ಎಂದುಕೊಳ್ಳೋಣ: ಮೂರು ವರ್ಷ ಯಾರೂ ಮನೆ ಬಿಡಲಿಲ್ಲ, ನಾಲ್ಕು ವರ್ಷ 60ರಿಂದ 120 ಕುಟುಂಬಗಳು, ಎರಡು ವರ್ಷ ಸುಮಾರು 200, ಒಂದು ವರ್ಷ 350. ರಸ್ತೆ ಸಾಮಾನ್ಯವಾಗಿ ಮೂರು ದಿನ ಮುಚ್ಚುತ್ತದೆ.

ಈಗ ಎಷ್ಟು ಕುಟುಂಬಗಳಿಗೆಂದು ಇಡುವುದು? ಎಲ್ಲ ಸಾಮಾನಿಗೂ ಒಂದೇ ಸಂಖ್ಯೆ ಹಿಡಿಯುವುದರಿಂದಲೇ ನಿಮ್ಮ ಬಿಸ್ಕತ್ತು ಹಾಳಾದದ್ದು ಎಂದು ನನ್ನ ಊಹೆ. ಸಾಮಾನು ಉಳಿದರೆ ಆಗುವ ನಷ್ಟ ಎಷ್ಟು, ಸಾಲದೆ ಹೋದರೆ ಆಗುವ ಕೇಡು ಎಷ್ಟು ಎಂದು ಒಂದೊಂದನ್ನೇ ತೂಗಿ ನೋಡಬೇಕು. ಟಾರ್ಪಾಲು ಉಳಿದರೆ ಮುಂದಿನ ವರ್ಷಕ್ಕೆ ಬರುತ್ತದೆ. ಇಲಿ ಮತ್ತು ಬಿಸಿಲಿನಿಂದ ಕಾಪಾಡಿದರೆ ಸಾಕು. ಆದ್ದರಿಂದ ಅದನ್ನು ಅತಿ ಕೆಟ್ಟ ವರ್ಷಕ್ಕೆ, ಅಂದರೆ 350 ಕುಟುಂಬಗಳಿಗೆ ಲೆಕ್ಕ ಹಾಕಿ. ಕುಟುಂಬಕ್ಕೆ 4 ಮೀಟರ್ ಅಗಲ, 6 ಮೀಟರ್ ಉದ್ದದ ಎರಡು ಹಾಳೆಗಳಂತೆ 700. ನೀರಿನ ಕ್ಯಾನುಗಳೂ ಹಾಗೆಯೇ, ತರಲೊಂದು, ತುಂಬಿಡಲೊಂದು. ಬಿಸ್ಕತ್ತು ಉಳಿದರೆ ಹಾಗಲ್ಲ, ಎರಡು ವರ್ಷದೊಳಗೆ ಅದು ಯಾರದಾದರೂ ಹೊಟ್ಟೆ ಸೇರಬೇಕು. ಅದನ್ನು ನಾನು 200 ಕುಟುಂಬಗಳಿಗೆ ನಿಲ್ಲಿಸುತ್ತೇನೆ. ಉಳಿದ 150 ಕುಟುಂಬಗಳ ಪಾಲಿಗೆ ಅದೇ ದಡದ ಸಗಟು ವ್ಯಾಪಾರಿಯೊಂದಿಗೆ ಮೊದಲೇ ಕರಾರು ಮಾಡಿಕೊಳ್ಳುತ್ತೇನೆ. ಆತ ಸರಕನ್ನು ಬೇರೆಯಾಗಿ ಎತ್ತಿಡಬೇಕು, ಅದಕ್ಕೆ ಸಣ್ಣ ಬಾಡಿಗೆ ಕೊಡಬೇಕು. ಬರಿಯ ಬಾಯಿಮಾತಿಗೆ ನಿಂತರೆ ನೆರೆಯ ದಿನ ಮೊದಲು ಬಂದವರಿಗೆ ಮಾರಿಬಿಡುತ್ತಾರೆ. ಅದು ಅವರ ತಪ್ಪೂ ಅಲ್ಲ.

200 ಕುಟುಂಬಗಳೆಂದರೆ, ಕುಟುಂಬಕ್ಕೆ ಐವರಂತೆ, ಸಾವಿರ ಜನ. ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಎಂಬುದು ಪರಿಹಾರ ಕೆಲಸದಲ್ಲಿ ಹಿಡಿಯುವ ಲೆಕ್ಕ. ಹೆಚ್ಚು ಶಕ್ತಿ ಕೊಡುವ ಬಿಸ್ಕತ್ತಿನಲ್ಲಿ 100 ಗ್ರಾಂಗೆ ಸುಮಾರು 450 ಕಿಲೋಕ್ಯಾಲರಿ ಇರುತ್ತದೆ. ಒಲೆ ಹೊತ್ತಿಸಲಾಗದ ಮೂರು ದಿನಗಳಿಗೆ ತಲೆಗೆ ದಿನಕ್ಕೆ 470 ಗ್ರಾಂನಂತೆ ಒಟ್ಟು ಸುಮಾರು 1,400 ಕಿಲೋ ಆಗುತ್ತದೆ.

ನೀರಿನ ಲೆಕ್ಕ ಮಾತ್ರ ಬೇರೆ. ರಸ್ತೆ ಮೂರೇ ದಿನಕ್ಕೆ ತೆರೆದರೂ ಬಾವಿಗಳು ವಾರಗಟ್ಟಲೆ ಕೆಟ್ಟಿರುತ್ತವೆ. ಕ್ಲೋರಿನ್ ಮಾತ್ರೆ ಹಗುರ, ಜಾಗ ತಿನ್ನುವುದಿಲ್ಲ, ಸರಿಯಾಗಿಟ್ಟರೆ ಹಲವು ವರ್ಷ ಬಾಳುತ್ತದೆ. ಇದರಲ್ಲಿ ಜಿಪುಣತನ ಬೇಡ. 350 ಕುಟುಂಬಗಳ 1,750 ಜನರಿಗೆ, ಕುಡಿಯಲು, ಅಡುಗೆಗೆ, ಕೈ ತೊಳೆಯಲು ತಲಾ ಏಳೂವರೆ ಲೀಟರಿನಂತೆ ದಿನಕ್ಕೆ ಸುಮಾರು 13,100 ಲೀಟರ್ ನೀರು ಬೇಕು. 67 ಮಿಲಿಗ್ರಾಂನ ಒಂದು ಮಾತ್ರೆ 20 ಲೀಟರ್ ತಿಳಿನೀರಿಗೆ ಸಾಕು. ಎರಡು ವಾರಕ್ಕೆ ಸುಮಾರು 9,200 ಮಾತ್ರೆಗಳಾದವು. ನೆರೆಯ ನೀರು ತಿಳಿಯಾಗಿರುವುದಿಲ್ಲ, ಬಟ್ಟೆಯಲ್ಲಿ ಸೋಸಿದ ಮೇಲೂ ಎರಡು ಮಾತ್ರೆ ಹಾಕಬೇಕಾಗುತ್ತದೆ. ಆದ್ದರಿಂದ 18,400 ಇಟ್ಟುಕೊಳ್ಳಿ. ಮನೆ ಬಿಡದೆ ಉಳಿದವರ ಬಾವಿಯೂ ಕೆಟ್ಟಿರುತ್ತದೆ ಎಂಬುದು ನೆನಪಿರಲಿ. ಅವರನ್ನು ಸೇರಿಸಿದರೆ ಈ ಸಂಖ್ಯೆ ಇನ್ನೂ ಏರುತ್ತದೆ.

ಈಗ ನೀವು ನಿಜವಾಗಿ ಕೇಳಿದ ಮಾತಿಗೆ ಬರುತ್ತೇನೆ. ಮೊದಲು ಅವಧಿ ಮುಗಿಯುವುದನ್ನು ಮೊದಲು ಹೊರಗೆ ಕಳಿಸಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಪೆಟ್ಟಿಗೆಯ ಮೇಲೆ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದು, ಹಳೆಯದನ್ನು ಮುಂದಿಟ್ಟರೆ ಆ ನಿಯಮ ಪಾಲಿಸಿದಂತಾಯಿತು. ಆದರೆ ನೆರೆ ಬಾರದ ವರ್ಷ ಯಾವುದೂ ಹೊರಗೆ ಹೋಗುವುದೇ ಇಲ್ಲವಲ್ಲ! ನಿಮ್ಮ ಪೆಟ್ಟಿಗೆಗಳೂ ಸಾಲಾಗಿ, ಶಿಸ್ತಾಗಿಯೇ ಹಾಳಾಗಿರಬೇಕು. ಹೊರಗೆ ಹೋಗುವ ಬಾಗಿಲನ್ನು ಖರೀದಿಗೆ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.

ಬಿಸ್ಕತ್ತನ್ನೇ ತೆಗೆದುಕೊಳ್ಳಿ. ತಯಾರಾದಾಗ 24 ತಿಂಗಳ ಬಾಳಿಕೆ, ನಿಮ್ಮ ಕೈಗೆ ಬರುವಾಗ 20 ತಿಂಗಳು ಉಳಿದಿದೆ, ನೆರೆಯ ಕಾಲಕ್ಕೆ ಒಂದು ತಿಂಗಳು ಮುನ್ನ ತರಿಸಿದ್ದೀರಿ, ನೆರೆಯ ಕಾಲ ನಾಲ್ಕು ತಿಂಗಳು ಎಂದುಕೊಳ್ಳಿ. ಮೊದಲ ಕಾಲ ಮುಗಿದಾಗ 15 ತಿಂಗಳು ಉಳಿಯುತ್ತದೆ. ಎರಡನೆಯ ಕಾಲ ಶುರುವಾಗುವಾಗ ಏಳು, ಮುಗಿಯುವಾಗ ಮೂರು. ಆ ಮೂರು ತಿಂಗಳೇ ನಿಮ್ಮ ಬಾಗಿಲು. 300 ಮಕ್ಕಳಿರುವ ಒಂದು ವಿದ್ಯಾರ್ಥಿನಿಲಯ ಸಂಜೆಗೆ ತಲಾ 100 ಗ್ರಾಂ ಕೊಟ್ಟರೆ ದಿನಕ್ಕೆ 30 ಕಿಲೋ ಖರ್ಚು. 1,400 ಕಿಲೋ ಮುಗಿಯಲು 47 ದಿನ ಬೇಕು. ಮೂರು ತಿಂಗಳೊಳಗೆ ಸಲೀಸಾಗಿ ಮುಗಿಯುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ ವರ್ಷಕ್ಕೆ ಅರ್ಧ, 700 ಕಿಲೋ ಮಾತ್ರ ಕೊಳ್ಳುವುದು. ಎರಡನೆಯ ವರ್ಷದಿಂದ ಉಗ್ರಾಣದಲ್ಲಿ ಸದಾ ಒಂದು ಹಳೆಯ, ಒಂದು ಹೊಸ ಕಂತು ಇರುತ್ತದೆ. ಪ್ರತಿ ವರ್ಷ ಹಳೆಯ ಕಂತು ವಿದ್ಯಾರ್ಥಿನಿಲಯಕ್ಕೆ ಹೋಗುತ್ತದೆ, ಮಕ್ಕಳಿಗೆ 24 ದಿನದಲ್ಲಿ ಮುಗಿಯುತ್ತದೆ. ಮೊದಲ ವರ್ಷ ಮಾತ್ರ ಕೊರತೆ ತುಂಬಲು ವ್ಯಾಪಾರಿಯ ಕರಾರನ್ನು ಸ್ವಲ್ಪ ಹಿಗ್ಗಿಸಬೇಕಾಗುತ್ತದೆ.

ಈ ಲೆಕ್ಕವೆಲ್ಲ ಆ 20 ತಿಂಗಳ ಮೇಲೆ ನಿಂತಿದೆ. ಸರಬರಾಜುದಾರ 15 ತಿಂಗಳು ಉಳಿದದ್ದನ್ನು ತಂದು ಇಳಿಸಿದರೆ ಎರಡನೆಯ ನೆರೆಗಾಲದ ನಡುವೆಯೇ ಅವಧಿ ಮುಗಿಯುತ್ತದೆ. ನಮಗೆ ಆದದ್ದು ಇದೇ. ದಿನಾಂಕ ಇನ್ನೂ ದೂರವಿದೆಯಲ್ಲ ಎಂದು ಸಹಿ ಹಾಕಿ ಇಳಿಸಿಕೊಂಡೆವು. ಆಮೇಲೆ ಖರೀದಿ ಆದೇಶದಲ್ಲೇ ಒಂದು ಸಾಲು ಸೇರಿಸಿದೆವು: ತಲುಪಿದ ದಿನ 20 ತಿಂಗಳಿಗಿಂತ ಕಡಿಮೆ ಉಳಿದ ಸರಕನ್ನು ಹಿಂದಿರುಗಿಸಲಾಗುವುದು. ಎರಡು ಲಾರಿ ವಾಪಸ್ ಕಳಿಸಿದ್ದೂ ಇದೆ.

ವಿದ್ಯಾರ್ಥಿನಿಲಯದವರೊಂದಿಗೆ ಮಾತಾಡುವಾಗ ಇದನ್ನು ದಾನವೆಂದು ಹೇಳಬೇಡಿ. ಅವರು ಹೇಗೂ ಕೊಳ್ಳುವ ತಿಂಡಿಯ ಬದಲು ಇದನ್ನು ಬಳಸುತ್ತಾರೆ, ಉಳಿದ ಹಣದಲ್ಲಿ ಒಂದು ಪಾಲನ್ನು ನಿಮ್ಮ ಮುಂದಿನ ಕಂತಿಗೆ ಕೊಡುತ್ತಾರೆ ಎಂಬ ಏರ್ಪಾಡು ಹೆಚ್ಚು ಕಾಲ ಬಾಳುತ್ತದೆ. ಹಾಗೆ ತೆಗೆದುಕೊಳ್ಳುವವರು ಯಾರೂ ಸಿಗದ ಪದಾರ್ಥವನ್ನು ಕೂಡಿಡಲೇಬೇಡಿ, ಅದಕ್ಕೆ ವ್ಯಾಪಾರಿಯ ಕರಾರೇ ಸರಿ. ಓಆರ್‌ಎಸ್ ಪೊಟ್ಟಣಗಳಿಗೆ ತೆಗೆದುಕೊಳ್ಳುವವರು ಸುಲಭವಾಗಿ ಸಿಗುತ್ತಾರೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅದು ವರ್ಷವಿಡೀ ಬೇಕು, ಆರು ತಿಂಗಳು ಉಳಿದಿರುವಾಗ ಅವರಿಗೆ ಕೊಟ್ಟು ಹೊಸದನ್ನು ಪಡೆಯಬಹುದು. ದೋಣಿಯ ಪೆಟ್ರೋಲು ತಿಂಗಳುಗಳಲ್ಲೇ ಹಳಸುತ್ತದೆ, ಅದನ್ನು ನಮ್ಮ ವಾಹನಗಳಿಗೆ ಹಾಕಿ ಖಾಲಿ ಮಾಡುತ್ತಿದ್ದೆವು.

ಅಚ್ಚಾದ ದಿನಾಂಕವನ್ನು ಕಣ್ಣುಮುಚ್ಚಿ ನಂಬಬೇಡಿ ಎಂದೂ ಹೇಳಬೇಕು. ಆ ದಿನಾಂಕ ತಂಪಾದ, ಒಣ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಸಾಮಾನಿಗೆ ಅದು ಅನ್ವಯಿಸುವುದಿಲ್ಲ. ಬ್ಲೀಚಿಂಗ್ ಪುಡಿಯಂತೂ ಬಿಸಿ ಮತ್ತು ತೇವಕ್ಕೆ ತಿಂಗಳುಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ನೋಡಲು ಮಾತ್ರ ಹಾಗೆಯೇ ಬೆಳ್ಳಗಿರುತ್ತದೆ. ನಾನು ಅದನ್ನು ಕೂಡಿಡುವುದನ್ನೇ ಬಿಟ್ಟೆ. ಓಆರ್‌ಎಸ್ ಪುಡಿ ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಡಬಾರದು. ಕ್ಲೋರಿನ್ ಮಾತ್ರೆಗಳನ್ನು ನೆರೆಗಾಲಕ್ಕೆ ಎರಡು ತಿಂಗಳು ಮುನ್ನ ಹೀಗೆ ಪರೀಕ್ಷಿಸಿ: ಪ್ರತಿ ಕಂತಿನಿಂದ, ಮಾಡಿಗೆ ಹತ್ತಿರವಿದ್ದ ಪೆಟ್ಟಿಗೆಯಿಂದಲೇ, ಒಂದು ಮಾತ್ರೆ ಪಟ್ಟಿ ತೆಗೆಯಿರಿ. ಪಟ್ಟಿ ಉಬ್ಬಿದ್ದರೆ, ಮಾತ್ರೆ ಪುಡಿಯಾಗಿದ್ದರೆ ಅಲ್ಲಿಗೇ ಸಂಶಯ. ಒಂದು ಮಾತ್ರೆಯನ್ನು 20 ಲೀಟರ್ ಶುದ್ಧ, ಕ್ಲೋರಿನ್ ಹಾಕದ ನೀರಿನಲ್ಲಿ ಕರಗಿಸಿ, ಅರ್ಧ ಗಂಟೆ ಬಿಟ್ಟು, ಈಜುಕೊಳಗಳಲ್ಲಿ ಬಳಸುವ ಕ್ಲೋರಿನ್ ಪರೀಕ್ಷಾ ಪೆಟ್ಟಿಗೆಯಿಂದ ಅಳೆಯಿರಿ. ಲೀಟರಿಗೆ ಸುಮಾರು 2 ಮಿಲಿಗ್ರಾಂ ತೋರಿಸಬೇಕು. ಅರ್ಧಕ್ಕಿಳಿದಿದ್ದರೆ ಇಡೀ ಕಂತನ್ನು ಬದಿಗಿಡಿ. ಎರಡು ತಿಂಗಳು ಮುನ್ನ ಎಂದದ್ದು ಅದಕ್ಕೇ, ಹೊಸದು ತರಿಸಲು ಆಗ ಸಮಯವಿರುತ್ತದೆ.

ಅದೇ ದಿನ ಪ್ರತಿ ದ್ವೀಪದ ಉಗ್ರಾಣದ ಬೀಗವನ್ನೂ ತೆಗೆದು ನೋಡಿ. ಬೀಗದ ಕೈ ಇರುವವರ ಮನೆ ಯಾವ ದಡದಲ್ಲಿದೆ ಎಂದು ಕೇಳಿ. ಎರಡನೆಯ ನೆರೆಯಲ್ಲಿ ನಮ್ಮ ಸಾಮಾನು ಸರಿಯಾದ ದಡದಲ್ಲಿತ್ತು, ಬೀಗದ ಕೈ ಮಾತ್ರ ಆಚೆ ಉಳಿದಿತ್ತು. ಬಾಗಿಲು ಒಡೆಯಬೇಕಾಯಿತು. ಅಂದಿನಿಂದ ಉಗ್ರಾಣಕ್ಕೆ ನಡೆದು ಬರಬಹುದಾದ ಎರಡು ಮನೆಗಳಲ್ಲಿ ಒಂದೊಂದು ಕೈ ಇಡುತ್ತೇವೆ.