ಬಿಸಿಲಿನಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿಗೆ ಏನಾಗುತ್ತದೆ?

ಪ್ರಶ್ನೆ: ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಫೋನ್ ಇಟ್ಟು, ಮ್ಯಾಪ್ ನೋಡುತ್ತಲೇ ಚಾರ್ಜ್ ಮಾಡುತ್ತೇನೆ. ಎಷ್ಟು ಬಿಸಿಯವರೆಗೆ ತೊಂದರೆಯಿಲ್ಲ? ಲ್ಯಾಪ್‌ಟಾಪ್‌ಗೂ ಇದೇ ಲೆಕ್ಕವೇ?

ಉತ್ತರ: ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಎರಡಕ್ಕೂ ಕ್ಷೇಮ. ಬ್ಯಾಟರಿಯ ಒಳಗಿನ ಬಿಸಿಯ ಲೆಕ್ಕ ಬೇರೆ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಬಳಕೆಯಲ್ಲಿ ಸುಮಾರು 60 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ, ಆದರೆ ಚಾರ್ಜ್ ಮಾಡುವಾಗ 45 ಡಿಗ್ರಿಯೇ ಮಿತಿ.

ಕಾರಣ ವೋಲ್ಟೇಜ್. ಬ್ಯಾಟರಿ ತುಂಬುತ್ತ ಬಂದಂತೆ ಅದು 4.2 ವೋಲ್ಟ್‌ನ ಆಸುಪಾಸಿಗೆ ಏರುತ್ತದೆ. ಆ ಹಂತದಲ್ಲಿ ಒಳಗಿನ ಎಲೆಕ್ಟ್ರೋಲೈಟ್ ದ್ರವ ಮೊದಲೇ ಒತ್ತಡದಲ್ಲಿರುತ್ತದೆ, ಬಿಸಿಯೂ ಸೇರಿದರೆ ಬೇಗ ಒಡೆಯುತ್ತದೆ. ಬ್ಯಾಟರಿಯ ಋಣ ಧ್ರುವವಾದ ಗ್ರಾಫೈಟ್ ಮೇಲಿರುವ ತೆಳುವಾದ ರಕ್ಷಾಪದರ ದಪ್ಪವಾಗುತ್ತ ಹೋಗಿ, ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗೆ ಕಳೆದ ಸಾಮರ್ಥ್ಯ ಫೋನ್ ತಣ್ಣಗಾದ ಮೇಲೂ ಮರಳುವುದಿಲ್ಲ. ಜೊತೆಗೆ ಹುಟ್ಟುವ ಅನಿಲದಿಂದ ಬ್ಯಾಟರಿ ಉಬ್ಬುತ್ತದೆ.

ನಿಮ್ಮ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು, ಪೂರ್ಣ ಬೆಳಕಿನ ಪರದೆ, ಜಿಪಿಎಸ್, ಚಾರ್ಜಿಂಗ್ ನಾಲ್ಕೂ ಒಟ್ಟಿಗೆ ಫೋನನ್ನು ಕಾಯಿಸುತ್ತವೆ. ಐಫೋನ್ ಆಗ Charging On Hold ಎಂದು ತೋರಿಸಿ ತಾನೇ ನಿಲ್ಲಿಸುತ್ತದೆ. ದಯವಿಟ್ಟು ಆ ಸಂದೇಶಕ್ಕೂ ಮೊದಲೇ ಎಚ್ಚೆತ್ತುಕೊಳ್ಳಿ: ಹೊರಡುವ ಮುನ್ನ ತಂಪಿನಲ್ಲಿ 80 ಪ್ರತಿಶತ ತುಂಬಿಸಿ, ದಾರಿಯಲ್ಲಿ ಕವರ್ ತೆಗೆದು ಎಸಿ ಗಾಳಿ ಬರುವಲ್ಲಿ ಸಿಕ್ಕಿಸಿ. ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ನೀರಿನ ಪಸೆ ಕಟ್ಟುತ್ತದೆ.

ಫೋನಿನ ಪರದೆ ಅಂಚಿನಲ್ಲಿ ಎದ್ದಿದ್ದರೆ ಅಥವಾ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದ್ದರೆ ಬ್ಯಾಟರಿ ಉಬ್ಬಿರಬಹುದು. ಮತ್ತೆ ಚಾರ್ಜ್ ಮಾಡದೆ ರಿಪೇರಿಯವರಿಗೆ ಕೊಡಿ.