ಏಳು ಗಂಟೆಯ ಚಾ

(ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನನ್ನು ಮಂಜು ಎಂದು ಕರೆಯೋಣ. ಹದಿನೈದು ವರ್ಷ, ಹತ್ತನೇ ತರಗತಿ. ದಾವಣಗೆರೆ ಸೀಮೆಯ ಒಂದು ಊರು. ಅಪ್ಪ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ಅದು ಮೆಕ್ಕೆಜೋಳ ಬರುವ ಕಾಲ. ಬೆಳಗ್ಗೆಯಿಂದ ಸಂಜೆವರೆಗೆ ಚೀಲ ಹೊತ್ತು, ಏಳಕ್ಕೆ ಮನೆಗೆ ಬರುತ್ತಿದ್ದರು. ಅಮ್ಮ ಎರಡು ತಿಂಗಳಿಂದ ತವರಿನಲ್ಲಿದ್ದರು. ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು.

ಅಪ್ಪ, ಮಗ ಇಬ್ಬರನ್ನೂ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದ್ದು ಕ್ಲಾಸ್ ಟೀಚರ್. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅಂಕ ಕುಸಿದಿತ್ತು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು, "ಒಂದ್ ಮಾತಾಡಂಗಿಲ್ಲ ಮೇಡಂ. ನಾ ಬಂದ ಕೂಡ್ಲೇ ಬಾಗಿಲು ಹಾಕ್ಕೊಂತಾನ."

ಮಂಜುವಿನ ಜೊತೆ ಬೇರೆಯಾಗಿ ಮಾತಾಡಿದೆ. ಅವನು ಹೇಳಿದ್ದು ಒಂದೇ ಸಾಲು: "ಅಪ್ಪ ಚಪ್ಪಲಿ ಬಿಡೋಕೂ ಮುಂಚೆ ಶುರು ಮಾಡ್ತಾರೆ."

ಇಂಥ ಮನೆಗಳಲ್ಲಿ ನಾನು ಮೊದಲು ಕೇಳುವುದು ಜಗಳ ಯಾಕೆ ಎಂದಲ್ಲ, ಎಷ್ಟು ಗಂಟೆಗೆ ಎಂದು. ಹಾಳೆಯ ಮೇಲೆ ಒಂದು ದಿನದ ಗೆರೆ ಎಳೆದು, ಯಾವಾಗ ಯಾರು ಎಲ್ಲಿರುತ್ತಾರೆ ಎಂದು ಇಬ್ಬರ ಹತ್ತಿರವೂ ಬೇರೆ ಬೇರೆ ಬರೆಸಿದೆ. ಜಗಳದ ಹೊತ್ತಿಗೆ ಹಾಕಿದ ಇಬ್ಬರ ಗುರುತೂ ಒಂದೇ ಜಾಗಕ್ಕೆ ಬಿತ್ತು. ಏಳರಿಂದ ಏಳೂಕಾಲು. ಉಳಿದ ಹೊತ್ತು ಜಗಳವೇ ಇರಲಿಲ್ಲ, ಬರೀ ಮೌನ.

"ಅಮ್ಮ ಇದ್ದಾಗ ಏಳು ಗಂಟೆಗೆ ಏನಾಗ್ತಿತ್ತು?" ಎಂದು ಅಪ್ಪನನ್ನು ಕೇಳಿದೆ.

"ಏನಿಲ್ಲ. ಕೈಕಾಲು ತೊಳ್ಕೊಂಡು ಬರೋದ್ರಾಗೆ ಚಾ ಇಡೋಳು. ಕುಡಿಯೋ ತನಕ ನಾನೂ ಮಾತಾಡ್ತಿದ್ದಿಲ್ಲ, ಅವಳೂ ಮಾತಾಡ್ಸ್ತಿದ್ದಿಲ್ಲ."

ಅಲ್ಲಿ ನನಗೆ ವಿಷಯ ಹೊಳೆಯಿತು. ಆ ಚಾ ಬರೀ ಚಾ ಆಗಿರಲಿಲ್ಲ. ಯಾರ್ಡಿನ ಧೂಳು, ಹೆಗಲ ನೋವು, ಕೂಲಿ ಲೆಕ್ಕದ ಸಿಟ್ಟು ಎಲ್ಲ ಇಳಿಯುವುದಕ್ಕೆ ಅದು ಹದಿನೈದು ನಿಮಿಷ ಕೊಡುತ್ತಿತ್ತು. ಅಮ್ಮ ಹೋದ ಮೇಲೆ ಆ ಹದಿನೈದು ನಿಮಿಷವೂ ಹೋಯಿತು. ಹೊತ್ತುಕೊಂಡು ಬಂದದ್ದೆಲ್ಲ ಎದುರಿಗೆ ಸಿಕ್ಕವನ ಮೇಲೆ ಬೀಳುತ್ತಿತ್ತು. ಸಿಕ್ಕುತ್ತಿದ್ದವನು ಮಂಜು.

ಹುಡುಗನಿಗೆ ಚಾ ಮಾಡು ಎಂದು ನಾನು ಹೇಳಲಿಲ್ಲ. ದೊಡ್ಡವರ ದಣಿವನ್ನು ಮಕ್ಕಳು ಹೊರಬೇಕು ಎಂಬ ಸಲಹೆ ನನಗೆ ಹಿಡಿಸುವುದಿಲ್ಲ. ಅಪ್ಪನಿಗೆ ಹೇಳಿದ್ದು ಇಷ್ಟು: ದಾರಿಯಲ್ಲಿ ಅಂಗಡಿಯಲ್ಲಿ ಒಂದು ಚಾ ಕುಡಿದು, ಕಟ್ಟೆಯ ಮೇಲೆ ಸ್ವಲ್ಪ ಕೂತು ಮನೆಗೆ ಹೋಗಿ. ಹೋದ ಮೇಲೆ ಕಾಲು ಗಂಟೆ ಓದಿನ ಮಾತು, ಮೊಬೈಲಿನ ಮಾತು ಬೇಡ. ಇದನ್ನು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದೆ. ಮಂಜು ನೆಲ ನೋಡುತ್ತಿದ್ದ. ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡೆ.

ಮುಂದಿನ ವಾರ ನಡೆದದ್ದನ್ನು ಇಬ್ಬರ ಬಾಯಿಂದಲೂ ಕೇಳಿದೆ, ಸೇರಿಸಿ ಬರೆಯುತ್ತಿದ್ದೇನೆ.

ಗುರುವಾರ ಆರೂವರೆಗೆ ಮಂಜು ಗ್ಯಾಸ್ ಹಚ್ಚಿದ. ಮೊದಲ ಸಲ. ಲೈಟರ್ ನಾಲ್ಕು ಸಲ ಒತ್ತಬೇಕಾಯಿತಂತೆ. ಹಾಲು ಕಾಯಲು ಇಟ್ಟ. ಅಮ್ಮನ ಚಾದಲ್ಲಿ ಶುಂಠಿ ಇರುತ್ತಿತ್ತು ಎಂದು ನೆನಪಾಗಿ, ಒಂದು ತುಂಡು ಜಜ್ಜಿ ಬೆಚ್ಚಗಿನ ಹಾಲಿಗೇ ಹಾಕಿದ. ಹಾಲು ಒಡೆಯಿತು. ಪಾಪ, ಅವನಿಗೆ ಏನು ಗೊತ್ತು? ಹಸಿ ಶುಂಠಿಯ ರಸಕ್ಕೆ ಹಾಲು ಗಟ್ಟಿ ಮಾಡುವ ಗುಣವಿದೆ. ಅದಕ್ಕೇ ಶುಂಠಿಯನ್ನು ಮೊದಲು ನೀರಲ್ಲಿ ಚೆನ್ನಾಗಿ ಕುದಿಸಬೇಕು, ಕುದ್ದ ಮೇಲೆ ಆ ಗುಣ ಹೋಗುತ್ತದೆ. ಹಾಲು ಆಮೇಲೆ.

ಒಡೆದ ಹಾಲು ಬಚ್ಚಲಿಗೆ ಹೋಯಿತು. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಹಾಲಿಗೆ ನೀರು ಬೆರೆಸಿ, ಶುಂಠಿ ಬಿಟ್ಟು, ಇನ್ನೊಮ್ಮೆ ಮಾಡಿದ. ಸಕ್ಕರೆ ಎಷ್ಟು ಹಾಕಿದನೋ ಅವನಿಗೇ ನೆನಪಿಲ್ಲ. ಏಳಕ್ಕೆ ಅಪ್ಪ ಬಂದರು. ಕಟ್ಟೆಯ ಮೇಲೆ ಕೂತು ಬಂದಿರಲಿಲ್ಲ, ನಾನು ಹೇಳಿದ್ದು ಮರೆತೇ ಹೋಗಿತ್ತು. ಕೈಕಾಲು ತೊಳೆದು ಬರುವಷ್ಟರಲ್ಲಿ ಕಪ್ಪು-ಬಸಿ ಮುಂದಿತ್ತು. ಬಸಿಯಲ್ಲಿ ಚಾ ತುಳುಕಿತ್ತು.

ಅಪ್ಪ ಒಂದು ಗುಟುಕು ಕುಡಿದು, ನಕ್ಕು, ಹೇಳಿದರು: "ಅಬ್ಬಾ! ಇಷ್ಟ್ ದಿನ ಎಲ್ಲಿತ್ತಪ್ಪಾ ಈ ಬುದ್ಧಿ?"

ಮಂಜು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ರಾತ್ರಿ ಊಟವನ್ನೂ ಮಾಡಲಿಲ್ಲ.

ಅಪ್ಪ ಇದನ್ನು ನನಗೆ ತಮಾಷೆ ಎಂಬಂತೆ ಹೇಳಿದರು. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. "ಹೊಗಳಿದ್ದಲ್ವಾ ಮೇಡಂ ನಾನು?" ಎಂದರು. ನಮ್ಮಲ್ಲಿ ಎಷ್ಟೋ ಅಪ್ಪಂದಿರು ಹೊಗಳುವುದು ಹೀಗೇ. ಮುಂದೆ ಬೆಲ್ಲ, ಹಿಂದೆ ಮುಳ್ಳು. ಮಗನ ಕಿವಿಗೆ ಬಿದ್ದದ್ದು 'ಇಷ್ಟು ದಿನ' ಎಂಬುದು ಮಾತ್ರ.

ವಿವರಿಸಿ ಹೇಳುವ ಬದಲು ಆಡಿಸಿ ನೋಡೋಣ ಅನಿಸಿತು. ನನ್ನ ಮೇಜಿನ ಮೇಲಿದ್ದ ನೀರಿನ ಲೋಟ ಅವರ ಕೈಗೆ ಕೊಟ್ಟೆ. "ನೀವು ಮಂಜು. ಹಾಲು ಒಡೆದಿದೆ, ಎರಡನೇ ಸಲ ಮಾಡಿದ್ದೀರಿ, ಅಪ್ಪ ಬೈತಾರೇನೋ ಅಂತ ಭಯ ಇದೆ. ಈಗ ತಂದು ಕೊಡಿ." ಅವರು ನಾಚಿಕೊಂಡೇ ತಂದುಕೊಟ್ಟರು. ನಾನು ಅವರ ಮಾತನ್ನೇ, ಅವರ ನಗೆಯಲ್ಲೇ ಹೇಳಿದೆ. ಅವರ ಮುಖ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು, "ಹಾಲು ಒಡೆದಿದ್ದು ನಂಗ್ ಗೊತ್ತೇ ಇರ್ಲಿಲ್ಲ" ಎಂದರು.

ಆಮೇಲೆ ಕೊಟ್ಟ ಸಲಹೆ ಮೂರೇ ಮಾತಿನದು. ಮಗ ಏನಾದರೂ ತಂದು ಕೊಟ್ಟರೆ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಿ: 'ಬಿಸಿ ಇದೆ', 'ಚಾ ಮಾಡಿದ್ದೀಯಾ'. ನಿನ್ನೆಯದನ್ನೂ ಓದಿನದನ್ನೂ ಅದಕ್ಕೆ ಕಟ್ಟಬೇಡಿ. ಮರುದಿನ ಅವನು ಮಾಡದಿದ್ದರೆ 'ಚಾ ಎಲ್ಲಿ?' ಎಂದು ಕೇಳಬೇಡಿ. ಈ ಕೊನೆಯದು ಅವರಿಗೆ ಕಷ್ಟವಾಯಿತು. ಆದರೆ ಕೇಳಿದ ಕ್ಷಣಕ್ಕೆ ಅದು ಕೆಲಸವಾಗುತ್ತದೆ, ಅವನದಾಗಿ ಉಳಿಯುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಮನೆಯಲ್ಲಿ ಹೊಡೆತ ಇರಲಿಲ್ಲ, ಕುಡಿತ ಇರಲಿಲ್ಲ, ಹುಡುಗ ಸಾಯುವ ಮಾತಾಡಿರಲಿಲ್ಲ. ಇದನ್ನೆಲ್ಲ ಮೊದಲ ದಿನವೇ ಕೇಳಿಕೊಂಡಿದ್ದೆ. ಅವುಗಳಲ್ಲಿ ಒಂದಿದ್ದರೂ ಚಾದ ಲೆಕ್ಕ ಹಿಡಿದು ಕೂರಬಾರದು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ.

ಹತ್ತು ದಿನ ಮಂಜು ಅಡುಗೆಮನೆಗೆ ಕಾಲಿಡಲಿಲ್ಲ. ಅಪ್ಪ ಕೇಳಲೂ ಇಲ್ಲ. ಅವರು ಕಟ್ಟೆಯ ಮೇಲೆ ಕೂತು ಬರುವುದನ್ನು ರೂಢಿ ಮಾಡಿಕೊಂಡರು. ಹನ್ನೊಂದನೇ ದಿನ ಮತ್ತೆ ಚಾ ಬಂತು. ತೆಳ್ಳಗಿತ್ತಂತೆ. ಅಪ್ಪ ಸುಮ್ನೆ ಕುಡಿದು, "ಅವತ್ತು ಶುಂಠಿ ಯಾವಾಗ ಹಾಕಿದ್ದಿ?" ಎಂದು ಕೇಳಿದರು. ಬೈಗುಳವಲ್ಲ, ನಿಜವಾದ ಪ್ರಶ್ನೆ. ಮಂಜು ಹೇಳಿದ. ಅಪ್ಪ ಎದ್ದು ಒಲೆ ಹತ್ತಿರ ಹೋದರು. ಚಿಕ್ಕವರಿದ್ದಾಗ ಎರಡು ವರ್ಷ ಹೋಟೆಲಿನಲ್ಲಿ ಕೆಲಸ ಮಾಡಿದ್ದರಂತೆ, ಮಗನಿಗೆ ಅದು ಗೊತ್ತೇ ಇರಲಿಲ್ಲ. ಮುಕ್ಕಾಲು ಲೋಟ ನೀರು, ಜಜ್ಜಿದ ಶುಂಠಿ, ಕುದಿ ಬಂದ ಮೇಲೆ ಒಂದು ಚಮಚ ಪುಡಿ, ಬಣ್ಣ ಬಿಟ್ಟ ಮೇಲೆ ಅರ್ಧ ಲೋಟ ಹಾಲು. ಇಬ್ಬರೂ ಒಲೆ ನೋಡುತ್ತಾ ನಿಂತಿದ್ದರು. ಎದುರುಬದುರು ಕೂತರೆ ಬಾರದ ಮಾತು ಪಕ್ಕಪಕ್ಕ ನಿಂತರೆ ಬರುತ್ತದೆ. ಗಣಿತ ಅರ್ಥವಾಗುತ್ತಿಲ್ಲ ಎಂದು ಮಂಜು ಅಲ್ಲೇ ಹೇಳಿದ.

ಗಣಿತದಲ್ಲಿ ಮುಂದಿನ ಪರೀಕ್ಷೆಯಲ್ಲೂ ಅಂಥದ್ದೇನೂ ಬರಲಿಲ್ಲ. ಟ್ಯೂಷನ್ನಿಗೆ ಸೇರಿದ.

ಕೊನೆಯ ಭೇಟಿಯ ಹೊತ್ತಿಗೆ ಅಮ್ಮ ವಾಪಸ್ ಬಂದಿದ್ದರು. ಈಗ ಚಾ ಯಾರು ಮಾಡ್ತಾರೆ ಎಂದು ಕೇಳಿದೆ.

"ಅಮ್ಮ," ಎಂದ ಮಂಜು. "ಭಾನುವಾರ ಅಪ್ಪ. ನಂಗೆ ಮನಸ್ಸು ಬಂದ್ರೆ ನಾನು."